ಬಿಡುವ ದಾರಿ ಮೊದಲು ತೋರಿಸ್ರಿ

ನಾನು ಸಂಶಯದ ಪ್ರಾಣಿ. ನನ್ನ ಗಂಡ ಇದನ್ನು ಬೈಗುಳದಂತೆ ಹೇಳುತ್ತಾರೆ, ನಾನು ಬಿರುದಿನಂತೆ ಹೊತ್ತು ತಿರುಗುತ್ತೇನೆ. ಹಾಲಿನವನು ಅಳತೆಗಿಂತ ಒಂದು ಗುಟುಕು ಹೆಚ್ಚು ಹೊಯ್ದರೆ ನಾನು ಹಾಲನ್ನು ಮೂಸಿ ನೋಡುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಆಳಂದದಲ್ಲಿರುವ ಅವರ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಬಂದು ಕುಳಿತೆ. ಚೀಟಿ ಕೊಡುವುದು, ಹೆಸರು ಕರೆಯುವುದು, ಸಾಲು ಮುರಿದು ನುಗ್ಗುವವರನ್ನು ಗದರುವುದು ನನ್ನ ಕೆಲಸ. ಮೂರನೆಯದರಲ್ಲಿ ನನಗೆ ಮೊದಲೇ ಅನುಭವವಿತ್ತು.

ನನ್ನ ಗಂಡ ಚರ್ಮದ ಡಾಕ್ಟರು. ಚರ್ಮದ ದವಾಖಾನೆಗೆ ಬರುವವರು ಹಲ್ಲಿನ ದವಾಖಾನೆಗೆ ಬರುವವರಂತೆ ಬರುವುದಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಆಚೀಚೆ ನೋಡಿ, ಪಕ್ಕದ ಔಷಧಿ ಅಂಗಡಿಗೆ ಹೋಗುವವರಂತೆ ನಟಿಸಿ ಥಟ್ಟನೆ ಒಳಗೆ ಬರುತ್ತಾರೆ. ಅರ್ಧಕ್ಕರ್ಧ ಜನ ಹೇಳುವ ಹೆಸರು ಅವರದಲ್ಲ. ಒಮ್ಮೆ ಅಕ್ಕತಂಗಿಯರಿಬ್ಬರು ಬಂದು, ಒಬ್ಬಳು ಇನ್ನೊಬ್ಬಳ ಹೆಸರು ಬರೆಸಿದ್ದಳು; ಇನ್ನೊಬ್ಬಳು ಆಕೆಯ ಹೆಸರು ಬರೆಸಿದ್ದಳು. ನಾವು ಏನೂ ಕೇಳುವುದಿಲ್ಲ. ಮೈಮೇಲೆ ಒಂದು ಬಿಳಿ ಕಲೆ ಇದೆಯೆಂದು ಗೊತ್ತಾದರೆ ನಮ್ಮ ಕಡೆ ಮಾತುಕತೆಗೆ ಕೂತ ಬೀಗರು ಎದ್ದು ಹೋಗುತ್ತಾರೆ. ಅದು ಅಂಟುವ ರೋಗವಲ್ಲವೆಂದು ನನ್ನ ಗಂಡ ಗಂಟಲು ಹರಿದುಕೊಂಡರೂ ಅಷ್ಟೇ. ಹೀಗಾಗಿ ಸುಳ್ಳು ಹೆಸರು ಹೇಳುವುದು ನಮ್ಮಲ್ಲಿ ರೂಢಿ, ಅದು ಸುಳ್ಳೆಂದು ಊರಿಗೆಲ್ಲ ಗೊತ್ತಿರುವುದೂ ರೂಢಿ.

ನಮ್ಮ ವಹಿ, ಅಂದರೆ ರೋಗಿಗಳ ರಿಜಿಸ್ಟರು, ಅದಕ್ಕೆ ತಕ್ಕಂತೆ ಇತ್ತು. ಅದರಲ್ಲಿ ಒಂದು ಚೀಟಿ ನಂಬರು, ಅವರು ಹೇಳಿದ ಹೆಸರು, ಊರು, ದಿನ. ರೋಗದ ಮಾತೇ ಇಲ್ಲ. ಡಾಕ್ಟರು ಬರೆಯುವುದೆಲ್ಲ ರೋಗಿಯ ಕೈಯಲ್ಲಿರುವ ಕಾರ್ಡಿನ ಮೇಲೆ. ಕಾರ್ಡು ಅವರ ಮನೆಗೆ, ಟ್ರಂಕಿನ ತಳಕ್ಕೆ. ಈ ಪದ್ಧತಿ ಮಾಡಿದವರು ನಮ್ಮ ಕಂಪೌಂಡರ್ ಚಾಚಾ. ಕ್ಲಿನಿಕ್ಕು ತೆರೆದ ದಿನದಿಂದ ಇರುವ ಮನುಷ್ಯ. ಯಾರ ಮುಖವನ್ನೂ ಮರೆಯುವುದಿಲ್ಲ, ಬಜಾರಿನಲ್ಲಿ ಸಿಕ್ಕರೆ ಯಾರ ಗುರುತನ್ನೂ ಹಿಡಿಯುವುದಿಲ್ಲ.

ತೊಂದರೆ ಬಂದದ್ದು ಊರು ಮೂರಾದದ್ದರಿಂದ. ಮಂಗಳವಾರ ಅಫ್ಜಲಪುರ, ಶುಕ್ರವಾರ ಜೇವರ್ಗಿ, ಉಳಿದ ದಿನ ಆಳಂದ. ಮೂರು ಊರಿಗೆ ಮೂರು ವಹಿ. ಅಫ್ಜಲಪುರದ ವಹಿ ಜೇವರ್ಗಿಯಲ್ಲಿ ಉಳಿಯುತ್ತಿತ್ತು, ಜೇವರ್ಗಿಯದು ಕಾರಿನ ಸೀಟಿನ ಕೆಳಗೆ. ಒಂದು ಮಂಗಳವಾರ ಹವಳಗಾದ ಮುದುಕರೊಬ್ಬರು ಎರಡು ಬಸ್ಸು ಬದಲಿಸಿ ಆಳಂದಕ್ಕೆ ಬಂದರು. ಡಾಕ್ಟರು ಅದೇ ಹೊತ್ತಿಗೆ ಅವರ ಊರಿನ ಮಗ್ಗುಲಲ್ಲೇ ಅಫ್ಜಲಪುರದಲ್ಲಿ ಕೂತಿದ್ದರು. ಮುದುಕರು ನನ್ನನ್ನು ನೋಡಿ, "ಅಮ್ಮಾರ, ಡಾಕ್ಟರ್ ಸಾಹೇಬರು ನನ್ನ ಹುಡುಕ್ಕೊಂಡ ನಮ್ಮ ಕಡೀಗಿ ಹೋದ್ರೇನ್ರಿ?" ಎಂದರು. ನಗು ಬಂತು, ನಾಚಿಕೆಯೂ ಆಯಿತು. ಅಂದು ಸಂಜೆಯೇ ನನ್ನ ಗಂಡ ತೀರ್ಮಾನಿಸಿದರು, ಅಪಾಯಿಂಟ್‌ಮೆಂಟಿಗೆ ಒಂದು ಸಾಫ್ಟ್‌ವೇರ್ ಬೇಕೇ ಬೇಕು.

ಕಲಬುರಗಿಯಿಂದ ಕಂಪನಿಯ ಮನುಷ್ಯನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಮೂರು ಊರಿನ ಯಾವ ಕುರ್ಚಿಯಲ್ಲಿ ಕೂತು ತೆರೆದರೂ ಒಂದೇ ಪಟ್ಟಿ ಕಾಣುತ್ತದೆ, ರೋಗಿಯ ಫೋನಿಗೆ ತಾನೇ ನೆನಪಿನ ಮೆಸೇಜು ಹೋಗುತ್ತದೆ, ಎಲ್ಲವೂ ಕ್ಲೌಡಿನಲ್ಲಿ ಭದ್ರ, ಮೊದಲ ಮೂರು ತಿಂಗಳು ಪುಕ್ಕಟೆ. ಪುಕ್ಕಟೆ ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು.

"ಆ ಕ್ಲೌಡ್ ಅಂಬೋದು ಯಾರ ಕಂಪ್ಯೂಟರಿನಾಗ ಅದ್ರಿ?" ಎಂದೆ.

"ದೊಡ್ಡ ಸರ್ವರ್ ಅದ್ರಿ ಮೇಡಂ, ಇಂಡಿಯಾದಾಗೇ ಅದ."

"ನಿಮ್ಮದಾ, ಬಾಡಿಗೀದಾ?"

"ಬಾಡಿಗೀದ್ರಿ. ಎಲ್ಲಾ ಕಂಪನಿಯವ್ರೂ ಹಂಗೇ ತಗೋತಾರ."

"ನಮ್ಮ ರೋಗಿಗಳ ಹೆಸರು ನಿಮ್ಮ ಆಫೀಸಿನಾಗ ಎಷ್ಟು ಮಂದಿಗಿ ಕಾಣತದ?"

ಆತ ನನ್ನ ಗಂಡನ ಕಡೆ ನೋಡಿದ. ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು. "ಸಪೋರ್ಟಿನವ್ರಿಗಿ ಅಷ್ಟೇ ಕಾಣತದ್ರಿ, ಅದೂ ಬೇಕಾದಾಗ" ಎಂದ. ಯಾರು ಯಾವಾಗ ನೋಡಿದರೆಂಬ ದಾಖಲೆ ನಮಗೆ ತೋರಿಸುತ್ತೀರಾ ಎಂದೆ. ಕೇಳಿ ಹೇಳುತ್ತೇನೆಂದ. ಕರಾರು ಪತ್ರದಲ್ಲಿ "ಹೆಸರು ತೆಗೆದ ಮಾಹಿತಿಯನ್ನು ಸೇವೆಯ ಸುಧಾರಣೆಗೆ ಬಳಸಬಹುದು" ಎಂಬ ಸಾಲಿತ್ತು. ಮಾದನಹಿಪ್ಪರಗಾದಿಂದ ಬರುವ, ಇಂಥ ವಯಸ್ಸಿನ, ಇಂಥ ಕಲೆಯ ಹೆಂಗಸು ಎಂದರೆ ಹೆಸರು ತೆಗೆದರೇನು, ಬಿಟ್ಟರೇನು? ಅಲ್ಲಿನವರು ಕಣ್ಣು ಮುಚ್ಚಿಕೊಂಡು ಮನೆ ತೋರಿಸುತ್ತಾರೆ. ಅದಕ್ಕೂ ಆತ ಕೇಳಿ ಹೇಳುತ್ತೇನೆಂದ.

ಕೊನೆಗೆ ಹೇಳಿದೆ, "ನೋಡ್ರಿ, ಒಳಗ ಬರೋ ದಾರಿ ಛಂದ ತೋರಿಸಿದ್ರಿ. ಬಿಡುವ ದಾರಿ ಮೊದಲು ತೋರಿಸ್ರಿ. ನಾಳೆ ನಿಮ್ಮ ಸಂಗಾಟ ನಮಗ ಸರಿ ಹೊಂದಲಿಲ್ಲ ಅಂದ್ರ ನಮ್ಮ ಪಟ್ಟಿ ನಮಗ ಹೆಂಗ ಕೊಡ್ತೀರಿ? ಕೊಟ್ಟ ಮ್ಯಾಲ ನಿಮ್ಮ ಕಡೆ ಇದ್ದದ್ದು ಯಾವಾಗ ಅಳಸ್ತೀರಿ?"

"ಒಂದು ಬಟನ್ ಒತ್ತಿದ್ರ ಬರ್ತದ್ರಿ ಮೇಡಂ."

ಹಾಗಾದರೆ ಒತ್ತಿಯೇ ನೋಡೋಣ ಎಂದೆ. ಒಬ್ಬನೇ ಒಬ್ಬ ನಿಜವಾದ ರೋಗಿಯ ಹೆಸರು ಹಾಕುವುದಿಲ್ಲ. ಎರಡು ವಾರ ಸುಳ್ಳು ರೋಗಿಗಳನ್ನು ಹಾಕಿ ನಡೆಸುತ್ತೇವೆ, ಆಮೇಲೆ ಬಟನ್ ಒತ್ತಿ ಹೊರಗೆ ಬರುತ್ತೇವೆ, ಏನೇನು ಕೈಗೆ ಬರುತ್ತದೆ ನೋಡುತ್ತೇವೆ. ನನ್ನ ಗಂಡನಿಗೆ ಇದು ಅತಿಯೆನ್ನಿಸಿತು. "ಬಾಡಿಗಿ ಮನೀಗಿ ಹೋಗೂಕಿಂತ ಮೊದಲು ಖಾಲಿ ಮಾಡೋದು ನೋಡಾಕತ್ತಿ ನೋಡಬೇ" ಎಂದರು. ಹೌದು ಎಂದೆ.

ಹನ್ನೆರಡು ರೋಗಿಗಳನ್ನು ನಾನೇ ಸೃಷ್ಟಿಸಿದೆ. ಇಷ್ಟು ಖುಷಿಯ ಕೆಲಸ ನಿವೃತ್ತಿಯಾದ ಮೇಲೆ ಸಿಕ್ಕಿರಲಿಲ್ಲ. ಒಬ್ಬನಿಗೆ ಗಜಕರ್ಣ, ಒಬ್ಬಳಿಗೆ ಕೂದಲುದುರುವಿಕೆ, ಒಬ್ಬನಿಗೆ ಭೂಸನೂರಿನ ಕಬ್ಬಿನ ಗದ್ದೆಯಲ್ಲಿ ಎದ್ದ ತುರಿಕೆ. ಭೇಟಿಯ ಕಾರಣ ಎಂಬ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರು ಮುಂದೆ ಹೋಗುತ್ತಿರಲಿಲ್ಲ. ಮೊಬೈಲ್ ನಂಬರೂ ಬೇಕೇ ಬೇಕು, ಅದಕ್ಕೆ ಬಂದ ಓಟಿಪಿಯನ್ನು ಹೊಡೆಯಲೂ ಬೇಕು. ನನ್ನ ಫೋನು, ಗಂಡನ ಎರಡು, ಚಾಚಾ ಅವರ ಮನೆಯ ಮೂರು, ನನ್ನ ತಂಗಿಯದು, ಹೀಗೆ ಒಟ್ಟುಮಾಡಿ ಹನ್ನೊಂದಾದವು. ಹನ್ನೆರಡನೆಯದಕ್ಕೆ ನಂಬರಿರಲಿಲ್ಲ. ಆ ಮಂಗಳವಾರ ಅಫ್ಜಲಪುರಕ್ಕೆ ಹೊರಟ ಚಾಚಾಗೆ, "ಅಲ್ಲಿಂದ ಮೆಸೇಜು ಹೋಗ್ತದ ಇಲ್ಲ ನೋಡಬೇಕು ಚಾಚಾ, ಯಾರದಾರ ಒಂದು ಫೋನ್ ತಗೊಂಡು ಹಾಕಿಬಿಡ್ರಿ" ಎಂದು ನಾನೇ ಹೇಳಿದೆ. ಹನ್ನೆರಡನೆಯ ರೋಗಿಗೆ ನಾನು ಬರೆದಿದ್ದ ಕಾರಣ, ಬಿಳಿ ಕಲೆ.

ಎರಡು ವಾರ ಕಳೆದ ಮೇಲೆ ಬಟನ್ ಒತ್ತಿದೆವು. ಬಂದದ್ದು ಹೆಸರು, ನಂಬರುಗಳ ಒಂದು ಪಿಡಿಎಫ್. ನೋಡಲು ಚಂದ, ಇನ್ನೊಂದು ಸಾಫ್ಟ್‌ವೇರಿಗೆ ಹಾಕಲು ಬಾರದು. ಒಂದೊಂದೇ ಹೆಸರು ಮತ್ತೆ ಟೈಪು ಮಾಡಬೇಕು. ಯಾವ ದಿನ ಯಾರು ಬಂದರೆಂಬುದು ಅದರಲ್ಲಿರಲಿಲ್ಲ. ಪರೀಕ್ಷೆಗೆಂದು ನನ್ನ ಮೊಣಕೈಯ ಫೋಟೊ ಹಾಕಿದ್ದೆ, ಅದೂ ಬರಲಿಲ್ಲ. ಅದಕ್ಕೆ ಬೇರೆ ಅರ್ಜಿ ಕೊಡಬೇಕಂತೆ. ಖಾತೆ ಮುಚ್ಚಿ ಎಲ್ಲ ಅಳಿಸಿರೆಂದು ಮೇಲ್ ಕಳಿಸಿದೆ. ನಿಮ್ಮ ಖಾತೆ ಮುಚ್ಚಲಾಗಿದೆ, ಧನ್ಯವಾದ ಎಂದು ಉತ್ತರ ಬಂತು. ಲಾಗಿನ್ ಮಾಡಿ ನೋಡಿದೆ, ಬಾಗಿಲು ಮುಚ್ಚಿತ್ತು.

ಆ ಕಂಪನಿ ಬೇಡವೆಂದಾಯಿತು. ಇನ್ನೊಂದು ಕಂಪನಿಯನ್ನು ಕರೆಸಿದೆ. ಅವರದು ಪುಕ್ಕಟೆಯಲ್ಲ, ಬಂದವರು ನಗಲೂ ಇಲ್ಲ. ನನಗೆ ಅದೇ ಹಿಡಿಸಿತು. ಕೇಳಿದ್ದಕ್ಕೆಲ್ಲ ಬರೆದ ಉತ್ತರ ಕೊಟ್ಟರು. ನಾನು ಗೆದ್ದವಳಂತೆ ಓಡಾಡಿದೆ. ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೆ ಈ ಕಥೆಯನ್ನೂ ಕೊಡುತ್ತಿದ್ದೆ.

ಖಾತೆ ಮುಚ್ಚಿ ಇಪ್ಪತ್ತು ದಿನವಾಗಿತ್ತೇನೋ. ಮಧ್ಯಾಹ್ನ ರೊಟ್ಟಿ ಮುರಿಯುತ್ತಿದ್ದಾಗ ನನ್ನ ಫೋನು ಗುಂಯ್ ಎಂದಿತು. ಕ್ಲಿನಿಕ್ಕಿನ ಹೆಸರು, ಅದರಲ್ಲಿ ಚರ್ಮರೋಗ ಎಂಬುದೂ ಸೇರಿ, ಮೇಲೆಯೇ ಇತ್ತು. ಕೆಳಗೆ ನಾನು ಕಟ್ಟಿದ ಗಜಕರ್ಣದ ರೋಗಿಯ ಹೆಸರು, ಆಮೇಲೆ: "ನಿಮ್ಮ ಗಜಕರ್ಣದ ಚಿಕಿತ್ಸೆಯ ಮರುಭೇಟಿ ಬಾಕಿ ಇದೆ." ನನಗೆ ಆದ ಸಂತೋಷ ಹೇಳತೀರದು. ತಟ್ಟೆ ಬಿಟ್ಟು ಎದ್ದೆ. "ನೋಡ್ರಿ! ಅಳಸ್ಯಾರಂತ! ಇದೇನು ಮತ್ತ?" ಎಂದು ಗಂಡನ ಮೂಗಿನ ಮುಂದೆ ಫೋನು ಹಿಡಿದೆ. ನಮ್ಮ ಲಾಗಿನ್ ಮುಚ್ಚಿದ್ದರು ಅಷ್ಟೇ. ಒಂದು ತಿಂಗಳ ನಂತರ ಹೋಗಲೆಂದು ಮೊದಲೇ ಸಾಲಾಗಿ ನಿಲ್ಲಿಸಿದ್ದ ನೆನಪಿನ ಮೆಸೇಜುಗಳು ಹಾಗೇ ನಿಂತಿದ್ದವು. ಗಂಡನ ಫೋನಿಗೂ ಬಂತು. ಚಾಚಾಗೆ ಫೋನ್ ಮಾಡಿದೆ, ಅವರ ಮನೆಯ ಮೂರಕ್ಕೂ ಬಂದಿತ್ತು. ನಾನು ನಗುತ್ತಲೇ ಇದ್ದೆ.

ಚಾಚಾ ನಗಲಿಲ್ಲ. "ಅಮ್ಮಾ," ಎಂದರು ಮೆಲ್ಲಗೆ, "ಅಫ್ಜಲಪುರದಾಗ ಒಂದು ಹಾಕಿದ್ದಿವಲ್ಲಾ. ಅದು ನಮ್ಮ ಮಂದೀದು ಅಲ್ಲ. ಬಾಕಿನ ಮ್ಯಾಲ ಕುಂತಿದ್ದ ಒಂದು ಹೆಣ್ಣುಮಗಳದು."

ಹೆಂಗ ಹಾಕಿದ್ರಿ ಎಂದು ಕೇಳಿದೆ.

ಓಟಿಪಿ ಒಂದು ಬರುತ್ತದೆ ತಂಗಿ, ಬರೇ ಟೆಸ್ಟಿಂಗ್ ಎಂದು ಚಾಚಾ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವಳ ಫೋನು ಕೇಳಿದ್ದರು. ಆಕೆ ನಂಬಿ ಕೊಟ್ಟಿದ್ದಳು. ಅವರು ನಂಬರು ಬರೆದಿಟ್ಟುಕೊಂಡಿರಲಿಲ್ಲ. ಆ ಪಿಡಿಎಫ್ ಇತ್ತಲ್ಲ, ಅದರಲ್ಲಿ ಹನ್ನೆರಡನೆಯ ಹೆಸರಿನ ಮುಂದೆ ನಂಬರು ಸಿಕ್ಕಿತು. ನಾನು ಹಂಗಿಸಿದ್ದ ಪಿಡಿಎಫ್. ಫೋನ್ ಮಾಡಿದೆ, ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ.

ಮುಂದಿನ ಮಂಗಳವಾರ ನಾನೂ ಅಫ್ಜಲಪುರಕ್ಕೆ ಹೋದೆ. ಬಾಗಿಲು ತೆರೆಯುವ ಮೊದಲೇ ಆಕೆ ಬಂದು ನಿಂತಿದ್ದಳು, ಜೊತೆಗೆ ಅಣ್ಣ. ಆಕೆಯ ಊರು ಯಾವುದೆಂದು ಬರೆಯುವುದಿಲ್ಲ. ಮೊದಲ ಸಲ ಯಾತಕ್ಕೆ ಬಂದಿದ್ದಳೆಂದೂ ಬರೆಯುವುದಿಲ್ಲ. ಓದುವವರಿಗೆ ಅದು ಬೇಕಾಗಿಲ್ಲ. ಆಕೆಗೆ ಮದುವೆ ಗೊತ್ತಾಗಿತ್ತು. ಆ ಮೆಸೇಜು ಬಂದಾಗ ಮನೆಯಲ್ಲಿ ಬೀಗರಿದ್ದರು. ವರನ ಅಕ್ಕ ಆಕೆಯ ಫೋನಿನಲ್ಲಿ ಸೀರೆಯ ಫೋಟೊ ನೋಡುತ್ತಿದ್ದಳು. ಬಿಳಿ ಕಲೆಯ ಮರುಭೇಟಿ ಎಂಬ ಸಾಲು ಸೀರೆಯ ಮೇಲೆಯೇ ಇಳಿದು ಬಂತು.

"ಹೆಸರು ನಿಮ್ಮದಲ್ಲ ಅಲ್ಲೇನವ್ವ, ಬ್ಯಾರೆ ಹೆಸರದ. ಅದು ತೋರಸ್ಲಿಲ್ಲೇನು?" ಎಂದೆ. ಸುಳ್ಳು ಹೆಸರೇ ನಮ್ಮ ರಕ್ಷೆ ಎಂದು ಇನ್ನೂ ನಂಬಿದ್ದೆ.

"ತೋರಿಸಿದೇನ್ರಿ," ಎಂದಳು. "ಆ ದವಾಖಾನ್ಯಾಗ ಖರೇ ಹೆಸರು ಯಾರು ಹೇಳ್ತಾರ ಅಂದ್ರು."

ನಾನು ಕುರ್ಚಿಯಲ್ಲಿ ಕೂತೆ. ನಿಜವಾದ ಒಂದು ಹೆಸರೂ ಹೊರಗೆ ಹೋಗಬಾರದೆಂದು ನಾನು ಕಟ್ಟಿದ ಸುಳ್ಳು ಹೋಗಿ ನಿಜವಾದ ಒಬ್ಬಳ ಕೊರಳಿಗೆ ಬಿದ್ದಿತ್ತು. ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಎರಡು ದಿನದ ಮೇಲೆ ಅವರ ಮ್ಯಾನೇಜರು ಶಾಂತವಾಗಿ ಮಾತಾಡಿದ. ಬಾಕಿ ಮೆಸೇಜು ನಿಲ್ಲಿಸದೇ ಇದ್ದದ್ದು ತಮ್ಮ ತಪ್ಪು, ಈಗ ಎಲ್ಲ ಅಳಿಸಿದ್ದೇವೆ, ಪತ್ರ ಕೊಡುತ್ತೇವೆ. "ಆದರೆ ಮೇಡಂ, ನಂಬರ್ ಹಾಕಿದವರು ನೀವು. ಆ ಮಹಿಳೆಯ ಒಪ್ಪಿಗೆ ಪಡೆಯಬೇಕಾಗಿದ್ದವರೂ ನೀವು. ಕಾಯ್ದೆ ಪ್ರಕಾರ ಅವರ ಮುಂದೆ ಮೊದಲ ಹೊಣೆ ಕ್ಲಿನಿಕ್ಕಿನದು." ಆತ ಹೇಳಿದ್ದು ಸರಿಯಿತ್ತು.

ಆ ಮಂಗಳವಾರ, ಅಣ್ಣ ತಂಗಿ ಎದುರಿಗಿರುವಾಗಲೇ, ನನ್ನ ಗಂಡ ಲೆಟರ್‌ಹೆಡ್ ತೆಗೆದು ಪೆನ್ನಿನ ಟೋಪಿ ಬಿಚ್ಚಿದ್ದರು. "ಈಕೆಗೆ ತೊನ್ನು ಇಲ್ಲ ಅಂತ ಬರೆದು ಕೊಡ್ತೇನಿ. ಮುಗೀತು."

ಅಣ್ಣನ ಮುಖ ಅರಳಿತು. "ಹಂಗೇ ಮಾಡ್ರಿ ಸಾಹೇಬ್ರ. ಬಂದದ್ದು ಯಾತಕ್ಕ ಅನ್ನೋದೂ ಬರೀರಿ, ಅವರಿಗಿ ಸಮಾಧಾನ ಆಗ್ತದ."

ತಂಗಿ ಪೆನ್ನನ್ನೇ ನೋಡುತ್ತಿದ್ದಳು. ಆಮೇಲೆ, "ಬ್ಯಾಡ್ರಿ" ಎಂದಳು.

ಅಣ್ಣ ಗದರಿದ. ಆಕೆ ಅವನ ಕಡೆ ತಿರುಗಲಿಲ್ಲ, ನನಗೆ ಹೇಳಿದಳು: "ನನಗ ಏನದ, ಏನಿಲ್ಲ, ಅದು ಬರೀಬ್ಯಾಡ್ರಿ ಅಮ್ಮಾರ. ನೀವು ಏನು ಮಾಡಿದ್ರಿ ಅದು ಬರೀರಿ."

ಅದನ್ನು ನಾನೇ ಬರೆದೆ. ಪರೀಕ್ಷೆಗೆಂದು ಈ ನಂಬರನ್ನು ನಮ್ಮ ಸಿಬ್ಬಂದಿ ಕೇಳಿ ಪಡೆದರು. ಮೆಸೇಜಿನಲ್ಲಿದ್ದ ಹೆಸರೂ ಕಾಯಿಲೆಯೂ ನಾನು ಕುಳಿತು ಕಟ್ಟಿದವು. ಈ ನಂಬರಿನವರಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿಗೆ ಯಾರು ಯಾತಕ್ಕೆ ಬರುತ್ತಾರೆಂಬುದನ್ನು ನಾವು ಯಾರಿಗೂ ಹೇಳುವುದಿಲ್ಲ. ತಪ್ಪು ನಮ್ಮದು. ಅಷ್ಟು ವರ್ಷ ಮಕ್ಕಳಿಂದ ತಪ್ಪೊಪ್ಪಿಗೆ ಬರೆಸಿದವಳು ನಾನು, ನನ್ನದು ಇದೇ ಮೊದಲು. ನನ್ನ ಗಂಡ ಸಹಿ ಹಾಕಿದರು, ಕೆಳಗೆ ನಾನೂ ಹಾಕಿದೆ.

ವರನ ಕಡೆಯ ಹಿರಿಯರೊಬ್ಬರು ಆ ಪತ್ರ ಹಿಡಿದು ಆಳಂದಕ್ಕೇ ಬಂದರು. ಬಿಳಿ ರುಮಾಲು, ಹಣೆಯ ಮೇಲೆ ವಿಭೂತಿ, ಮಾತು ಬಹಳ ಮೃದು. "ಶರಣ್ರಿ ಟೀಚರಮ್ಮಾರ. ನಿಮ್ಮ ಮಾತು ಖರೇ ಇರಬಹುದು. ಆದ್ರ ಹುಡುಗಿ ನಿಮ್ಮ ಬಾಕಿನ ಮ್ಯಾಲ ಕುಂತಿದ್ದಂತೂ ಖರೇ. ಯಾತಕ್ಕ ಕುಂತಿದ್ಲು?"

ಹೇಳಿಬಿಟ್ಟರೆ ಆ ಮದುವೆ ಉಳಿಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಎರಡು ಶಬ್ದ, ಅಷ್ಟೇ ಸಾಕಾಗುತ್ತಿತ್ತು. ನಾಲಿಗೆಯ ತುದಿಗೆ ಬಂದಿದ್ದವು. "ಅದು ಹೇಳೋದು ನಮ್ಮ ಕೆಲಸ ಅಲ್ರಿ" ಎಂದೆ. ಹಿರಿಯರು ಪತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು, ಚಹಾ ಮುಟ್ಟದೆ ಎದ್ದು ಹೋದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಆಕೆಯ ಮಾತು ನಡೆಸಿದೆನೋ, ಆಕೆಯ ಬದುಕು ಕೆಡಿಸಿದೆನೋ ನನಗೆ ತಿಳಿಯಲಿಲ್ಲ. ಇಂದಿಗೂ ಪೂರ್ತಿ ತಿಳಿದಿಲ್ಲ.

ಎರಡನೆಯ ಕಂಪನಿಯ ಹೊಸ ಸಾಫ್ಟ್‌ವೇರು ಬಂತು. ಭೇಟಿಯ ಕಾರಣದ ಜಾಗವನ್ನು ತೆಗೆಸಿದೆವು. ಮೆಸೇಜಿನಲ್ಲಿ ಚರ್ಮದ ಮಾತಿಲ್ಲ, ರೋಗಿಯ ಹೆಸರೂ ಇಲ್ಲ. ಊರು, ದಿನ, ಹೊತ್ತು ಅಷ್ಟೇ, ಅದೂ ಬೇಕೆಂದವರಿಗೆ ಮಾತ್ರ. ನಂಬರು ಕೊಡದಿದ್ದರೂ ಚೀಟಿ ಸಿಗುತ್ತದೆ. ತಿಂಗಳಿಗೊಮ್ಮೆ ಪೂರ್ತಿ ಪಟ್ಟಿಯನ್ನು ಇನ್ನೊಂದು ಸಾಫ್ಟ್‌ವೇರು ಓದುವಂಥ ರೂಪದಲ್ಲಿ ಇಳಿಸಿ ಪಾಸ್‌ವರ್ಡು ಹಾಕಿಡುತ್ತೇನೆ. ಕರಾರಿನಂತೆ, ನಾವು ಬಿಟ್ಟ ದಿನ ಬಾಕಿ ಮೆಸೇಜೆಲ್ಲ ರದ್ದು, ಮೂವತ್ತು ದಿನದೊಳಗೆ ಅಳಿಸುವುದು, ಅವರ ಬ್ಯಾಕಪ್ಪಿನಿಂದ ತೊಂಬತ್ತು ದಿನದೊಳಗೆ, ಆಮೇಲೆ ಬರೆದ ಪತ್ರ. ರದ್ದಿನ ಮಾತು ಅವರ ಕರಾರಿನಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಅದನ್ನು ನಾನು ಎಲ್ಲಿಂದ ಕಲಿತೆನೆಂದು ಅವರು ಕೇಳಲಿಲ್ಲ.

ಒಂದು ಶುಕ್ರವಾರ ನಾನೂ ಜೇವರ್ಗಿಗೆ ಹೋಗಿದ್ದೆ, ಅಲ್ಲಿಗೆ ಆಕೆ ಬಂದಳು. ಭೀಮಾ ದಾಟಿ, ತನ್ನ ಗುರುತಿನವರಿಲ್ಲದ ಊರಿಗೆ, ಒಬ್ಬಳೇ. ಮದುವೆಯ ವಿಷಯ ನಾನು ಕೇಳಲಿಲ್ಲ, ಆಕೆಯೇ ಹೇಳಿದಳು. ವರನ ಕಡೆಯವರು, ಕಲಬುರಗಿಯಲ್ಲಿ ತಾವು ಹೇಳಿದ ಡಾಕ್ಟರ ಹತ್ತಿರ ಮೈಯೆಲ್ಲ ತೋರಿಸಿ ಬಂದರೆ ಮುಂದುವರಿಯೋಣ ಎಂದಿದ್ದರಂತೆ. ಅಪ್ಪ, ಅಣ್ಣ ಒಪ್ಪಿದ್ದರು. "ನಾ ಒಲ್ಲೆ ಅಂದೇನ್ರಿ" ಎಂದಳು.

ನಾನು ಪರದೆಯತ್ತ ಕೈ ಮಾಡಿ, ಈಗ ಎಲ್ಲ ಬದಲಾಗಿದೆ, ಹೆಸರು ಬೇಕಾದದ್ದು ಹೇಳಬಹುದು ಎಂದು ಶುರುಮಾಡಿದೆ.

"ಇದರಾಗ ನಂದು ಏನಾರ ಅದ ಏನ್ರಿ?"

"ಇಲ್ಲವ್ವ."

"ತೋರಿಸ್ರಿ."

ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಆಕೆಯ ಫೋನ್ ನಂಬರು ನನಗೆ ಬಾಯಿಪಾಠವಾಗಿತ್ತು, ಹೊಡೆದು ಹುಡುಕಿದೆ. ಏನೂ ಸಿಗಲಿಲ್ಲ. ಆಕೆ ತಾನೇ ಬಗ್ಗಿ ತನ್ನ ಹೆಸರು ಹೊಡೆದು ನೋಡಿದಳು, ನಾನು ಕಟ್ಟಿದ ಆ ಸುಳ್ಳು ಹೆಸರನ್ನೂ ಹೊಡೆದು ನೋಡಿದಳು.

"ಮೊದಲಿಂದ್ರಾಗ?"

"ಅಳಸ್ಯಾರ. ಪತ್ರ ಬರದು ಕೊಟ್ಟಾರ."

"ಅಳಸ್ಯಾರಂತ ನಿಮಗ ಹೆಂಗ ಗೊತ್ತ್ರಿ?"

ಮೂರು ಊರಿನಲ್ಲಿ ನನಗಿಂತ ಸಂಶಯದವರಿಲ್ಲ ಎಂದುಕೊಂಡಿದ್ದವಳು ನಾನು. ನನ್ನ ಬಳಿ ಇದ್ದದ್ದು ಒಂದು ಹಾಳೆ. ಅದನ್ನು ನಂಬಿದ್ದೇನೆಂದು ಹೇಳಲು ನನಗೆ ಧೈರ್ಯವಾಗಲಿಲ್ಲ. "ಗೊತ್ತಿಲ್ಲವ್ವ" ಎಂದೆ.

ಆಕೆ ತಲೆಯಾಡಿಸಿದಳು, ಸಿಟ್ಟಿರಲಿಲ್ಲ. "ನಾ ಆ ನಂಬರೇ ಬಿಟ್ಟೇನ್ರಿ" ಎಂದಳು. "ಅದ್ರಾಗ ನಮ್ಮವ್ವ ಕಳಿಸಿದ್ದ ಧ್ವನಿ ಮೆಸೇಜು ಇದ್ವು, ವಾಟ್ಸಾಪಿನಾಗ. ಅವ್ವ ಹೋಗಿ ಎರಡು ವರ್ಷ ಆಯ್ತು. ಹೊಸ ನಂಬರಿಗಿ ಬರಲಿಲ್ಲ."

ಚೀಟಿ ಹರಿದು ಕೊಟ್ಟೆ. ಅದರ ಮೇಲೆ ಹೆಸರು, ಊರು ಏನನ್ನೂ ಬರೆಯಲಿಲ್ಲ.